ಫೋನ್ ಎತ್ತಲು ಹೆದರುವವರಿಗೊಂದು ಕರೆಯೋಲೆ: ಉಚಿತ ಆನ್‌ಲೈನ್ ಕಾರ್ಯಾಗಾರದ ಆಮಂತ್ರಣ ಬರೆಯುವ ಬಗೆ

ಶಿರಸಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆ, ಉಪನಯನದ ಕರೆಯೋಲೆ, ಯಕ್ಷಗಾನದ ಹ್ಯಾಂಡ್‌ಬಿಲ್, ಸಂಘದ ವಾರ್ಷಿಕ ಸಭೆಯ ನೋಟಿಸು, ಇವುಗಳ ಜೊತೆಗೆ ಈಗ ಕೆಲವು ವರ್ಷಗಳಿಂದ ವಾಟ್ಸಾಪ್‌ನಲ್ಲಿ ಹಾಕುವ ಆಮಂತ್ರಣಗಳನ್ನೂ ಬರೆದುಕೊಡುತ್ತೇನೆ. ನನ್ನ ದೊಡ್ಡಪ್ಪನ ಮಗಳು ಬೆಂಗಳೂರಿನ ಕಂಪನಿಯೊಂದರಲ್ಲಿ ಎಂಟು ವರ್ಷ ಕೆಲಸಕ್ಕೆ ಜನ ಆರಿಸುವ ವಿಭಾಗದಲ್ಲಿದ್ದು, ಊರಿಗೆ ಬಂದ ಮೇಲೆ ವೃತ್ತಿ ಮಾರ್ಗದರ್ಶನ ಮಾಡುತ್ತಿದ್ದಾಳೆ. ಅವಳ ಉಚಿತ ಆನ್‌ಲೈನ್ ಕಾರ್ಯಾಗಾರಕ್ಕೆ ನಾನು ಎರಡು ಸಲ ಆಮಂತ್ರಣ ಬರೆದೆ. ಮೊದಲನೆಯದನ್ನು 14 ಗ್ರೂಪುಗಳಿಗೆ ಹಾಕಿದರೂ 11 ಜನ ಹೆಸರು ಕೊಟ್ಟರು, ಬಂದವರು ನಾಲ್ಕೇ. ಎರಡನೆಯದನ್ನು ಐದು ಕಡೆ ಮಾತ್ರ ಹಾಕಿದೆವು. 43 ಹೆಸರು ಬಂದವು, 26 ಜನ ಕೊನೆಯವರೆಗೂ ಕುಳಿತರು. ಕಲಿಸುವವಳು ಅವಳೇ, ವಿಷಯವೂ ಹೆಚ್ಚುಕಡಿಮೆ ಅದೇ. ಬದಲಾದದ್ದು ಬರೆದ ರೀತಿ, ಕೇಳಿದ ಮಾಹಿತಿ, ಕಳಿಸಿದ ದಾರಿ. ನಿಮ್ಮಲ್ಲಿ ಯಾರಾದರೂ ಇಂಥ ಕಾರ್ಯಾಗಾರ ಮಾಡುವವರಿದ್ದರೆ, ಅಥವಾ ಮಾಡುವವರಿಗೆ ಬರೆದುಕೊಡುವವರಿದ್ದರೆ, ಆ ಎರಡನೆಯ ಸಲ ಏನೇನು ಮಾಡಿದೆವು ಎಂಬುದನ್ನು ಅದೇ ಕ್ರಮದಲ್ಲಿ ಹೇಳುತ್ತೇನೆ.

ಮೊದಲ ಆಮಂತ್ರಣ ಹೀಗಿತ್ತು:

"ನಿಮ್ಮ ಕನಸಿನ ವೃತ್ತಿಜೀವನಕ್ಕೆ ಇಂದೇ ಮೊದಲ ಹೆಜ್ಜೆ ಇಡಿ! ಆತ್ಮವಿಶ್ವಾಸ, ಸಂವಹನ ಕೌಶಲ, ರೆಸ್ಯೂಮೆ, ಸಂದರ್ಶನ, ಗುರಿ ನಿರ್ಧಾರ, ಎಲ್ಲವನ್ನೂ ಒಂದೇ ಕಡೆ ಕಲಿಯಿರಿ. ಸಂಪೂರ್ಣ ಉಚಿತ ಆನ್‌ಲೈನ್ ಕಾರ್ಯಾಗಾರ. ವಿದ್ಯಾರ್ಥಿಗಳು, ಗೃಹಿಣಿಯರು, ಉದ್ಯೋಗಿಗಳು ಎಲ್ಲರಿಗೂ ಸ್ವಾಗತ. ಸೀಟುಗಳು ಸೀಮಿತ, ಕೂಡಲೇ ನೋಂದಾಯಿಸಿ!"

ಇದರಲ್ಲಿ ಸುಳ್ಳು ಒಂದೂ ಇಲ್ಲ. ಆದರೆ ಓದಿದವರಿಗೆ ಇದು ತಮಗೆ ಬರೆದದ್ದು ಎಂದು ಅನಿಸುವ ಜಾಗವೂ ಇಲ್ಲ. ನಮ್ಮ ಮನೆಯಲ್ಲೇ ಪದವಿ ಕೊನೆಯ ವರ್ಷದಲ್ಲಿದ್ದ ಹುಡುಗಿ ಇದನ್ನು ಓದಿ, "ಇದು ಯಂಗಲ್ಲ ಬಿಡು" ಎಂದು ಫೋನ್ ಕೆಳಗಿಟ್ಟಳು. ಅವಳಿಗೇ ಬೇಕಾದ ಕಾರ್ಯಾಗಾರ ಅದು. ಯಕ್ಷಗಾನದ ಹ್ಯಾಂಡ್‌ಬಿಲ್ ಕೈಗೆ ಬಂದರೆ ಜನ ಮೊದಲು ಹುಡುಕುವುದು ಯಾವ ಪ್ರಸಂಗ, ಭಾಗವತರು ಯಾರು, ಎಲ್ಲಿ, ಎಷ್ಟು ಹೊತ್ತಿಗೆ ಎಂಬುದನ್ನು. "ಅದ್ಭುತ ಕಲಾ ರಸದೌತಣ" ಎಂಬ ಸಾಲನ್ನು ಯಾರೂ ಓದುವುದಿಲ್ಲ. ಹ್ಯಾಂಡ್‌ಬಿಲ್ ಮಾಡುವಾಗ ನನಗಿದು ಗೊತ್ತಿತ್ತು, ವಾಟ್ಸಾಪ್‌ಗೆ ಬರೆಯುವಾಗ ಮರೆತುಬಿಟ್ಟಿದ್ದೆ.

ಬರೆಯುವ ಮೊದಲು: ಐದು ಜನರ ಮಾತು ಕೇಳಿ

ಎರಡನೆಯ ಸಲ ಅಕ್ಕ ಒಂದು ಷರತ್ತು ಹಾಕಿದಳು. "ತಮಾ, ಈ ಸಲ ಎಲ್ಲರಿಗೂ ಅಂತ ಬರೆಯೋದು ಬೇಡ. ಯಾರಿಗೆ ಅಂತ ಮೊದಲು ಗಟ್ಟಿ ಮಾಡು." ಕುಮಟಾ, ಹೊನ್ನಾವರ, ಅಂಕೋಲಾ, ಶಿರಸಿ ಕಡೆಯ ಬಿ.ಕಾಂ. ಮತ್ತು ಬಿ.ಎ. ಕೊನೆಯ ವರ್ಷದವರು ಎಂದು ಗಟ್ಟಿ ಮಾಡಿಕೊಂಡೆವು. ಆಮೇಲೆ ಅಂಥ ಐವರನ್ನು ಹುಡುಕಿ, ಒಬ್ಬೊಬ್ಬರ ಜೊತೆ ಹತ್ತು ನಿಮಿಷ ಮಾತಾಡಿದೆವು. ಕೇಳಿದ್ದು ಒಂದೇ ಪ್ರಶ್ನೆ: ಕೆಲಸಕ್ಕೆ ಅರ್ಜಿ ಹಾಕಿದ ಮೇಲೆ ಏನಾಯಿತು, ಮೊದಲಿನಿಂದ ಹೇಳು.

ಆತ್ಮವಿಶ್ವಾಸ ಎಂಬ ಶಬ್ದ ಐವರಲ್ಲಿ ಒಬ್ಬರ ಬಾಯಿಂದಲೂ ಬರಲಿಲ್ಲ. ಹೊನ್ನಾವರದ ಹುಡುಗನೊಬ್ಬ ಹೇಳಿದ್ದು ಇದು: "ಗೊತ್ತಿಲ್ಲದ ನಂಬರಿಂದ ಫೋನ್ ಬಂತು ಅಂದ್ರೆ ಕೈ ನಡುಗ್ತು. ಕಟ್ ಮಾಡ್ಬಿಡ್ತೆ. ಆಮೇಲೆ ಮೆಸೇಜ್ ಹಾಕ್ತೆ, ಅವ್ರು ಉತ್ರ ಕೊಡ್ತ್ವಿಲ್ಲೆ." ಇನ್ನಿಬ್ಬರದೂ ಸುತ್ತಿಬಳಸಿ ಇದೇ ಕಥೆ. ಅರ್ಜಿ ಹಾಕುವುದು ಅವರಿಗೆ ಕಷ್ಟವಾಗಿರಲಿಲ್ಲ. ಕಂಪನಿಯವರು ಮೊದಲ ಸಲ ಮಾಡುವ ಆ ಸಣ್ಣ ಕರೆಯಲ್ಲೇ ಅವರು ಮುಗ್ಗರಿಸುತ್ತಿದ್ದರು.

ಅಕ್ಕ ಅಂಥ ಸಾವಿರಾರು ಕರೆಗಳನ್ನು ಆ ಕಡೆಯಿಂದ ಮಾಡಿದವಳು. ಅಲ್ಲಿ ಕೇಳುವುದು ಬೆರಳೆಣಿಕೆಯ ವಿಷಯಗಳನ್ನಂತೆ: ಈಗ ಮಾತಾಡಬಹುದೇ, ನಿಮ್ಮ ಪರಿಚಯ ಹೇಳಿ, ಪಾಸಾಗದೆ ಬಾಕಿ ಉಳಿದ ವಿಷಯ ಇದೆಯೇ, ಬೇರೆ ಊರಿಗೆ ಬರುತ್ತೀರಾ, ಸಂಬಳ ಎಷ್ಟು ನಿರೀಕ್ಷೆ, ಯಾವಾಗ ಸೇರಬಹುದು. ಆರು ಪ್ರಶ್ನೆಗೆ ಐದಾರು ನಿಮಿಷ. ಅಷ್ಟನ್ನು ಒಂದೇ ಸಂಜೆಯಲ್ಲಿ ನಿಜವಾಗಿ ಕಲಿಸಬಹುದು. ರೆಸ್ಯೂಮೆ, ಗುರಿ, ಸಂವಹನ ಎಲ್ಲ ಸೇರಿಸಿದರೆ ಯಾವುದನ್ನೂ ಕಲಿಸಲು ಆಗುವುದಿಲ್ಲ. ಹಾಗಾಗಿ ಕಾರ್ಯಾಗಾರವೇ ಚಿಕ್ಕದಾಯಿತು. ಕಂಪನಿಯಿಂದ ಬರುವ ಮೊದಲ ಫೋನ್ ಕರೆ, ಅದರ ಮೊದಲ ಐದು ನಿಮಿಷ, ಇಷ್ಟೇ.

ಆಮಂತ್ರಣ ಬರೆಯಲು ಕುಳಿತಾಗ ಕೈ ಓಡದಿದ್ದರೆ ತೊಂದರೆ ಭಾಷೆಯಲ್ಲಿ ಇರುವುದು ಕಡಿಮೆ. ಕಾರ್ಯಾಗಾರ ಮುಗಿದಾಗ ಬಂದವರ ಕೈಯಲ್ಲಿ ಏನು ಇರುತ್ತದೆ ಎಂದು ನಿಮಗೇ ಸ್ಪಷ್ಟವಿಲ್ಲ ಎಂಬುದರ ಗುರುತು ಅದು. "ರಾತ್ರಿ 8.20ಕ್ಕೆ ಅವರ ನೋಟ್‌ಬುಕ್ಕಿನಲ್ಲಿ ____ ಬರೆದಿರುತ್ತದೆ" ಎಂಬ ವಾಕ್ಯ ಬರೆದು ಬಿಟ್ಟ ಸ್ಥಳ ತುಂಬಿ. ನಮ್ಮದು ಹೀಗೆ ತುಂಬಿತು: ತನ್ನ ಬಗ್ಗೆ ನಾಲ್ಕು ವಾಕ್ಯದ ಪರಿಚಯ, ಸಂಬಳದ ಪ್ರಶ್ನೆಗೆ ಒಂದು ಉತ್ತರ, ಕರೆ ತಪ್ಪಿದರೆ ಕಳಿಸುವ ಒಂದು ಮೆಸೇಜು. ಇದನ್ನು ತುಂಬಲು ಆಗದಿದ್ದರೆ ಆಮಂತ್ರಣ ಬರೆಯುವುದನ್ನು ನಿಲ್ಲಿಸಿ, ಕಾರ್ಯಾಗಾರದ ವಿಷಯಕ್ಕೇ ವಾಪಸ್ ಹೋಗಿ.

ಮೊದಲ ಎರಡು ಸಾಲು

ಫೋನಿನ ಪರದೆಯ ಮೇಲೆ ಬರುವ ನೋಟಿಫಿಕೇಶನ್‌ನಲ್ಲಿ ಕಾಣುವುದು ಸಂದೇಶದ ಮೊದಲ ಒಂದೆರಡು ಸಾಲು. ಸಂದೇಶ ಉದ್ದವಿದ್ದರೆ ವಾಟ್ಸಾಪ್ ಅದನ್ನು ನಡುವೆಯೇ ಕತ್ತರಿಸಿ "Read more" ಎಂದು ತೋರಿಸುತ್ತದೆ. ಅದನ್ನು ಒತ್ತಬೇಕೋ ಬೇಡವೋ ಎಂದು ಓದುವವರು ನಿರ್ಧರಿಸುವುದು ಮೇಲಿನ ಸಾಲುಗಳನ್ನು ನೋಡಿಯೇ. ಮೊದಲ ಸಲ ನಾನು ಆ ಜಾಗವನ್ನು "ಕನಸಿನ ವೃತ್ತಿಜೀವನ"ಕ್ಕೆ ಕೊಟ್ಟಿದ್ದೆ.

ಈ ಸಲ ಆ ಹುಡುಗನ ಮಾತನ್ನೇ ಮೇಲಕ್ಕೆ ತಂದೆವು: "ಕಂಪನಿಯಿಂದ ಫೋನ್ ಬಂದರೆ ಎತ್ತಲು ಕೈ ನಡುಗುತ್ತದೆಯೇ?" ಮುಂದಿನ ಸಾಲಿನಲ್ಲೇ ಯಾರಿಗೆ, ಎಂದು, ಎಷ್ಟು ಹೊತ್ತಿಗೆ ಎಂಬುದು. ಪ್ರಶ್ನೆಯಿಂದ ಶುರುಮಾಡುವುದು ಎಲ್ಲ ಕಡೆ ಒಳ್ಳೆಯದೆಂದು ನಾನು ಹೇಳುವುದಿಲ್ಲ. "ಯಶಸ್ಸು ಬೇಕೇ?" ಎಂಬಂಥ ಪ್ರಶ್ನೆಗೆ ಬೇಡ ಎನ್ನುವವರೇ ಇಲ್ಲ, ಆದ್ದರಿಂದ ಅದು ಯಾರನ್ನೂ ತಟ್ಟುವುದಿಲ್ಲ. ಹೌದು ಎನ್ನುವವರು ಕೆಲವರೇ ಇದ್ದು, ಅವರೇ ನಿಮಗೆ ಬೇಕಾದವರಾಗಿದ್ದರೆ ಮಾತ್ರ ಪ್ರಶ್ನೆ ಕೆಲಸ ಮಾಡುತ್ತದೆ. ನಮ್ಮ ಸಾಲು ಓದಿ ಮನೆಯ ಹುಡುಗಿ ನಕ್ಕಳು, "ಇದ್ನ ನಮ್ಮ ಕ್ಲಾಸಿನ ಗ್ರೂಪಿಗೆ ಹಾಕ್ಲಾ?" ಎಂದಳು. ಹಾಕಬೇಕೋ ಬೇಡವೋ ಎಂದು ನಾನು ತೂಗುತ್ತಿದ್ದದ್ದು ಅಲ್ಲಿಗೆ ಮುಗಿಯಿತು.

"ಉಚಿತ" ಎಂಬ ಶಬ್ದದ ಅನುಮಾನ

ನಮ್ಮ ಜಿಲ್ಲೆಯಲ್ಲಿ ಕೆಲಸದ ವಿಷಯದಲ್ಲಿ ಉಚಿತ ಎಂದ ಕೂಡಲೇ ಮನೆಯವರು ಕಣ್ಣು ಕಿರಿದು ಮಾಡಿ ನೋಡುತ್ತಾರೆ. ಅದಕ್ಕೆ ಕಾರಣವಿದೆ. ಗೋವಾದಲ್ಲಿ ಕೆಲಸ, ಗಲ್ಫಿನಲ್ಲಿ ಕೆಲಸ, ಮನೆಯಲ್ಲೇ ಕುಳಿತು ಡಾಟಾ ಎಂಟ್ರಿ ಎಂದು ಮೊದಲು ಸುಲಭವಾಗಿ ಕರೆದು, ಆಮೇಲೆ ನೋಂದಣಿ ಶುಲ್ಕ, ಯೂನಿಫಾರ್ಮ್ ಹಣ, ಟ್ರೇನಿಂಗ್ ಹಣ ಎಂದು ಕಿತ್ತುಕೊಂಡ ಕಥೆ ಪ್ರತಿ ಊರಿನಲ್ಲೂ ಇದೆ. ಮಗಳು ಫಾರ್ಮ್ ತುಂಬುವಾಗ ಅಪ್ಪ ಹಿಂದಿನಿಂದ "ಎಂತದದು?" ಎಂದು ಕೇಳುತ್ತಾರೆ. ಆಮಂತ್ರಣ ಆ ಅಪ್ಪನಿಗೂ ಉತ್ತರ ಕೊಡಬೇಕು.

ಅನುಮಾನ ಹೋಗಲಾಡಿಸಲು "ನಂಬಿ, ಇದು ನಿಜ" ಎಂದು ಬರೆದು ಪ್ರಯೋಜನವಿಲ್ಲ. ನಾವು ನಾಲ್ಕು ಸಂಗತಿಗಳನ್ನು ನೇರವಾಗಿ ಬರೆದೆವು. ಕಲಿಸುವವರು ಯಾರು, ಎಲ್ಲಿಯವರು, ಮೊದಲು ಏನು ಕೆಲಸ ಮಾಡುತ್ತಿದ್ದರು. ಏಕೆ ಉಚಿತ. ಏನು ಕೇಳುವುದಿಲ್ಲ. ಮತ್ತು ಏನು ಸಿಗುವುದಿಲ್ಲ.

"ಏಕೆ ಉಚಿತ" ಎಂಬುದರ ಬಗ್ಗೆ ಅಕ್ಕನಿಗೂ ನನಗೂ ಸ್ವಲ್ಪ ಚರ್ಚೆಯಾಯಿತು. ಅವಳಿಗೆ ಹಣ ಪಡೆದು ಒಬ್ಬೊಬ್ಬರಿಗೇ ಮಾಡುವ ಮಾರ್ಗದರ್ಶನವೂ ಇದೆ. ಬಂದವರಲ್ಲಿ ಇಬ್ಬರೋ ಮೂವರೋ ಅದಕ್ಕೆ ಬಂದರೆ ಅವಳಿಗೆ ಸಂತೋಷವೇ. ಅದನ್ನು ಬಚ್ಚಿಟ್ಟು ಕಾರ್ಯಾಗಾರದ ಕೊನೆಯಲ್ಲಿ ಹೇಳಿದರೆ, ಅಷ್ಟು ಹೊತ್ತು ನಂಬಿ ಕುಳಿತವರಿಗೆ ಮೋಸ ಹೋದ ಹಾಗೆ ಅನಿಸುತ್ತದೆ. ಮೊದಲ ಸಲ ನಾಲ್ವರಲ್ಲಿ ಒಬ್ಬಳು ಹಾಗೆಯೇ ನಡುವೆ ಎದ್ದು ಹೋಗಿದ್ದಳು. ಈ ಸಲ ಆಮಂತ್ರಣದಲ್ಲೇ ಬರೆದೆವು: ಹಣ ಕೊಟ್ಟು ಪಡೆಯುವ ಮಾರ್ಗದರ್ಶನವೂ ಇದೆ, ಕೊನೆಯಲ್ಲಿ ಅದರ ಬಗ್ಗೆ ಎರಡು ನಿಮಿಷ ಹೇಳುತ್ತಾರೆ, ಅದಕ್ಕೆ ಸೇರಲೇಬೇಕೆಂದಿಲ್ಲ. ಹೆಸರು ಕೊಡುವವರು ಇದರಿಂದ ಕಡಿಮೆಯಾಗುತ್ತಾರೆ ಎಂದು ನಾನು ಹೆದರಿದ್ದೆ, ಹಾಗೇನೂ ಆಗಲಿಲ್ಲ.

ಏನು ಸಿಗುವುದಿಲ್ಲ ಎಂಬುದಕ್ಕೆ ಒಂದೇ ವಾಕ್ಯ ಸಾಕು: ಇಲ್ಲಿ ಕೆಲಸ ಕೊಡಿಸುವುದಿಲ್ಲ. ಇದನ್ನು ಬಿಟ್ಟರೆ ಅರ್ಧ ಜನ ಉದ್ಯೋಗ ಮೇಳ ಎಂದುಕೊಂಡು ಬರುತ್ತಾರೆ, ಹತ್ತು ನಿಮಿಷದಲ್ಲಿ ಹೊರಗೆ ಹೋಗುತ್ತಾರೆ.

ದಿನ, ಹೊತ್ತು, ಕರೆಂಟು, ನೆಟ್‌ವರ್ಕು

ಮೊದಲ ಸಲ ಸಂಜೆ ಆರಕ್ಕೆ ಇಟ್ಟಿದ್ದೆವು. ಕಾಲೇಜು ಮುಗಿಸಿ ಕುಮಟಾದಿಂದ ಒಳಗಿನ ಹಳ್ಳಿಗೆ ಹೋಗುವವರು ಆ ಹೊತ್ತಿಗೆ ಬಸ್ಸಿನಲ್ಲಿರುತ್ತಾರೆ. ಘಟ್ಟದ ಮೇಲಾದರೆ ಕೊಟ್ಟಿಗೆ ಕೆಲಸ, ಹಾಲು ಕರೆಯುವ ಹೊತ್ತು. ಎರಡನೆಯ ಸಲ ಜನವರಿ 17, ಶನಿವಾರ, ರಾತ್ರಿ 7.30 ಎಂದು ಇಟ್ಟೆವು. ಜನವರಿಯಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲಿ ರಾತ್ರಿ ಅಡಿಕೆ ಸುಲಿಯುವ ಕೆಲಸ ನಡೆಯುತ್ತಿರುತ್ತದೆ. ಕೈಯಲ್ಲಿ ಕೆಲಸವಿದ್ದರೂ ಕಿವಿಗೆ ಇಯರ್‌ಫೋನ್ ಹಾಕಿ ಕೇಳಬಹುದು ಎಂದು ಯೋಚಿಸಿ, "ಕ್ಯಾಮೆರಾ ಹಾಕಬೇಕೆಂದಿಲ್ಲ, ಕೇಳಿಸಿಕೊಂಡರೂ ಸಾಕು" ಎಂಬ ಸಾಲು ಸೇರಿಸಿದೆವು. ವೀಡಿಯೊ ಬಂದ್ ಇದ್ದರೆ ಡೇಟಾ ಖರ್ಚೂ ಬಹಳ ಕಡಿಮೆ, ನೆಟ್‌ವರ್ಕ್ ಅರ್ಧಂಬರ್ಧ ಬರುವ ಕಡೆಯೂ ಧ್ವನಿ ನಡೆಯುತ್ತದೆ. ಕ್ಯಾಮೆರಾ ಬೇಡ ಎಂಬ ಕಾರಣಕ್ಕೇ ಬಂದೆ ಎಂದು ಆಮೇಲೆ ಮೂವರು ಹೆಣ್ಣುಮಕ್ಕಳು ಹೇಳಿದರು.

ಮಳೆಗಾಲದಲ್ಲಾದರೆ ಲೆಕ್ಕ ಬೇರೆ. ಜೂನ್‌ನಿಂದ ಆಗಸ್ಟಿನವರೆಗೆ ಕರೆಂಟು ಹೋದರೆ ಯಾವಾಗ ಬರುತ್ತದೆ ಎನ್ನಲಾಗದು, ಕರೆಂಟಿನ ಜೊತೆ ಎಷ್ಟೋ ಕಡೆ ಟವರೂ ಹೋಗುತ್ತದೆ. ಆಗ ಆಮಂತ್ರಣದಲ್ಲೇ ಬದಲಿ ದಿನವನ್ನೂ ಬರೆದಿಡಿ. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬಾ ಜಾತ್ರೆಯ ದಿನಗಳನ್ನೂ, ಆಯಾ ಊರಿನ ಬಂಡಿಹಬ್ಬ, ತೇರಿನ ದಿನಗಳನ್ನೂ ಕ್ಯಾಲೆಂಡರಿನಲ್ಲಿ ನೋಡಿಕೊಂಡು ದಿನ ಇಡಿ.

ಎಷ್ಟು ಹೊತ್ತು ಎಂಬುದನ್ನು ನಿಮ್ಮ ಆಪ್ ಕೂಡ ನಿರ್ಧರಿಸುತ್ತದೆ. Zoom ಉಚಿತ ಖಾತೆಯಲ್ಲಿ ಮೀಟಿಂಗ್ 40 ನಿಮಿಷಕ್ಕೆ ನಿಲ್ಲುತ್ತದೆ. Google Meet ಉಚಿತ ಖಾತೆಯಲ್ಲಿ ಮೂರು ಅಥವಾ ಹೆಚ್ಚು ಜನರಿದ್ದರೆ 60 ನಿಮಿಷ. ಎರಡರಲ್ಲೂ ಉಚಿತವಾಗಿ ಸೇರಬಹುದಾದವರು 100 ಜನ. "ಒಂದೂವರೆ ತಾಸು" ಎಂದು ಆಮಂತ್ರಣದಲ್ಲಿ ಬರೆದು ಉಚಿತ ಖಾತೆಯಲ್ಲಿ ನಡೆಸಿದರೆ ಪ್ರಶ್ನೋತ್ತರದ ನಡುವೆಯೇ ಎಲ್ಲರೂ ಹೊರಗೆ ಬೀಳುತ್ತಾರೆ. ನಾವು 50 ನಿಮಿಷ ಎಂದು ಇಟ್ಟು Meet ಬಳಸಿದೆವು.

ಸೀಟು ಸೀಮಿತ ಎಂದು ಬರೆಯುವುದಿದ್ದರೆ ಸಂಖ್ಯೆಯನ್ನೂ ಕಾರಣವನ್ನೂ ಬರೆಯಿರಿ. ಅಕ್ಕ ನಾಲ್ವರ ಜೊತೆ ಎಲ್ಲರ ಎದುರು ಅಣಕು ಕರೆ ಮಾಡಿ ತೋರಿಸುವವಳು, ಉಳಿದವರು ತಾವು ಬರೆದ ಉತ್ತರ ಓದಿ ಹೇಳಬೇಕು. 40ಕ್ಕಿಂತ ಹೆಚ್ಚಾದರೆ ಅದು ನಡೆಯುವುದಿಲ್ಲ. ಆದ್ದರಿಂದ 40 ಎಂದೇ ಬರೆದೆವು.

ಫಾರ್ಮ್‌ನಲ್ಲಿ ಏನು ಕೇಳಬೇಕು

ಮೊದಲ ಫಾರ್ಮ್‌ನಲ್ಲಿ 13 ಪ್ರಶ್ನೆಗಳಿದ್ದವು: ಹುಟ್ಟಿದ ದಿನಾಂಕ, ವಿಳಾಸ, ಅಂಕಗಳು, ಮೇಲಿಂದ ರೆಸ್ಯೂಮೆಯನ್ನೂ ಸೇರಿಸಿ ಎಂಬ ಸೂಚನೆ. Google Forms ಒಳಗೆ ಫೈಲ್ ಕೇಳಿದರೆ, ಅಥವಾ "Limit to 1 response" ಎಂಬುದನ್ನು ಆನ್ ಮಾಡಿದರೆ, ತುಂಬುವವರು ಮೊದಲು ತಮ್ಮ ಗೂಗಲ್ ಖಾತೆಗೆ ಲಾಗಿನ್ ಆಗಬೇಕಾಗುತ್ತದೆ. ಅಣ್ಣನ ಫೋನಿನಿಂದ ಫಾರ್ಮ್ ತೆರೆದ ತಂಗಿ, ಪಾಸ್‌ವರ್ಡ್ ಮರೆತವರು, ಎಲ್ಲರೂ ಅಲ್ಲೇ ನಿಂತುಬಿಡುತ್ತಾರೆ. ನಿಮಗೆ ಕಾಣುವುದು ಹೆಸರು ಬರಲಿಲ್ಲ ಎಂಬುದಷ್ಟೇ, ಬಾಗಿಲವರೆಗೆ ಬಂದು ಹೋದವರು ಕಾಣುವುದಿಲ್ಲ. ಆದ್ದರಿಂದ ಕಳಿಸುವ ಮೊದಲು ಲಾಗಿನ್ ಆಗದ ಒಂದು ಫೋನಿನಲ್ಲಿ ಫಾರ್ಮ್ ತೆರೆದು ಪೂರ್ತಿ ತುಂಬಿ ನೋಡಿ.

ಎರಡನೆಯ ಸಲ ಐದೇ ಪ್ರಶ್ನೆ ಇಟ್ಟೆವು. ಹೆಸರು, ವಾಟ್ಸಾಪ್ ನಂಬರು, ಊರು ಮತ್ತು ಓದುತ್ತಿರುವ ಕೋರ್ಸು, ಈ ಆಮಂತ್ರಣ ಎಲ್ಲಿ ಸಿಕ್ಕಿತು, ಮತ್ತು "ಕಂಪನಿಯಿಂದ ಫೋನ್ ಬಂದಾಗ ಯಾವ ಪ್ರಶ್ನೆಗೆ ಉತ್ತರ ಹೊಳೆಯುವುದಿಲ್ಲ?" ಕೊನೆಯ ಪ್ರಶ್ನೆ ಕಡ್ಡಾಯವಲ್ಲ. ಆದರೂ ಹೆಚ್ಚಿನವರು ಬರೆದರು, ಸಂಬಳದ ಪ್ರಶ್ನೆ ಎಂಬುದೇ ಎಲ್ಲಕ್ಕಿಂತ ಹೆಚ್ಚು. ಅಕ್ಕ ಆ ಉತ್ತರಗಳನ್ನು ಓದಿ ಕಾರ್ಯಾಗಾರದ ಕ್ರಮವನ್ನೇ ಬದಲಿಸಿದಳು. ತಾನು ಬರೆದ ಪ್ರಶ್ನೆಗೆ ಉತ್ತರ ಸಿಗುತ್ತದೆ ಎಂದು ಗೊತ್ತಿದ್ದವರು ಬರುವುದು ಹೆಚ್ಚು.

ಫಾರ್ಮ್‌ನ ತಲೆಯಲ್ಲಿ ಎರಡು ಸಾಲು ಬರೆಯಿರಿ: ಈ ನಂಬರನ್ನು ಯಾವುದಕ್ಕೆ ಬಳಸುತ್ತೀರಿ, ಎಷ್ಟು ದಿನ ಇಟ್ಟುಕೊಳ್ಳುತ್ತೀರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಹೇಳುವುದು ಇದನ್ನೇ, ಯಾವ ಉದ್ದೇಶಕ್ಕೆ ಎಂದು ತಿಳಿಸಿ ಒಪ್ಪಿಗೆ ಪಡೆಯಬೇಕು. ಆ ಕಾಯ್ದೆಯಲ್ಲಿ 18 ತುಂಬದವರು ಮಕ್ಕಳು, ಅವರ ಮಾಹಿತಿಗೆ ತಂದೆ ತಾಯಿ ಅಥವಾ ಪೋಷಕರ ಒಪ್ಪಿಗೆ ಬೇಕು. ಪಿಯುಸಿ ಮಕ್ಕಳಿಗೆ ಕಾರ್ಯಾಗಾರ ಮಾಡುವವರು ಫಾರ್ಮ್ ಅನ್ನು ಮನೆಯವರಿಗೇ ತುಂಬಲು ಹೇಳಿ, ಅವರ ನಂಬರನ್ನೇ ಪಡೆಯಿರಿ.

ತುಂಬಿದ ಕೂಡಲೇ ಏನು ಕಾಣಬೇಕು ಎಂಬುದನ್ನು "Confirmation message" ಎಂಬಲ್ಲಿ ಬರೆಯಬಹುದು. ಅದನ್ನು ಬದಲಿಸದಿದ್ದರೆ ನಿಮ್ಮ ಉತ್ತರ ದಾಖಲಾಗಿದೆ ಎಂಬ ಒಣ ಸಾಲು ಬರುತ್ತದೆ, ಮುಂದೇನು ಎಂದು ತಿಳಿಯುವುದಿಲ್ಲ. ನಾವು ಬರೆದದ್ದು: "ನಿಮ್ಮ ಹೆಸರು ಬಂದಿದೆ. ಶನಿವಾರ ಮಧ್ಯಾಹ್ನ ಈ ನಂಬರಿಗೆ ವಾಟ್ಸಾಪ್‌ನಲ್ಲಿ ಲಿಂಕ್ ಕಳಿಸುತ್ತೇವೆ. ಒಂದು ನೋಟ್‌ಬುಕ್, ಪೆನ್ನು ಇಟ್ಟುಕೊಳ್ಳಿ."

ಕೊನೆಗೆ ಸಿದ್ಧವಾದ ಆಮಂತ್ರಣ

ಕಂಪನಿಯಿಂದ ಫೋನ್ ಬಂದರೆ ಎತ್ತಲು ಕೈ ನಡುಗುತ್ತದೆಯೇ?
ಬಿ.ಕಾಂ., ಬಿ.ಎ. ಕೊನೆಯ ವರ್ಷದವರಿಗೆ 50 ನಿಮಿಷದ ಉಚಿತ ಆನ್‌ಲೈನ್ ಅಭ್ಯಾಸ. ಜನವರಿ 17, ಶನಿವಾರ, ರಾತ್ರಿ 7.30ರಿಂದ 8.20.

ಮೊದಲ ಕರೆಯಲ್ಲಿ ಕಂಪನಿಯವರು ಹೆಚ್ಚಾಗಿ ಕೇಳುವುದು ಆರು ಪ್ರಶ್ನೆ. ಆ ಆರಕ್ಕೂ ನಿಮ್ಮದೇ ಉತ್ತರವನ್ನು ಆ ಸಂಜೆಯೇ ಬರೆದುಕೊಳ್ಳುತ್ತೀರಿ. ನಾಲ್ವರ ಜೊತೆ ಎಲ್ಲರ ಎದುರು ಅಣಕು ಕರೆ ಮಾಡಿ ತೋರಿಸುತ್ತೇವೆ. ಕರೆ ತಪ್ಪಿಹೋದರೆ ಕಳಿಸಬೇಕಾದ ಮೆಸೇಜನ್ನೂ ಬರೆದುಕೊಳ್ಳೋಣ. ವಿವರಣೆ ಕನ್ನಡದಲ್ಲಿ, ಉತ್ತರಗಳ ಅಭ್ಯಾಸ ಸರಳ ಇಂಗ್ಲಿಷಿನಲ್ಲಿ.

ಕಲಿಸುವವರು ಶಿರಸಿಯವರು. ಬೆಂಗಳೂರಿನಲ್ಲಿ ಎಂಟು ವರ್ಷ ಇಂಥ ಕರೆಗಳನ್ನು ಮಾಡಿ ಹೊಸಬರನ್ನು ಆರಿಸುತ್ತಿದ್ದವರು.

ಇಲ್ಲಿ ಕೆಲಸ ಕೊಡಿಸುವುದಿಲ್ಲ. ಹಣ, ಆಧಾರ್, ಒಟಿಪಿ ಯಾವುದನ್ನೂ ಕೇಳುವುದಿಲ್ಲ. ಇವರಲ್ಲಿ ಹಣ ಕೊಟ್ಟು ಪಡೆಯುವ ಮಾರ್ಗದರ್ಶನವೂ ಇದೆ, ಕೊನೆಯಲ್ಲಿ ಎರಡು ನಿಮಿಷ ಅದರ ಬಗ್ಗೆ ಹೇಳುತ್ತಾರೆ, ಸೇರಲೇಬೇಕೆಂದಿಲ್ಲ.

ಕ್ಯಾಮೆರಾ ಹಾಕಬೇಕೆಂದಿಲ್ಲ. ಎಲ್ಲರ ಉತ್ತರ ಕೇಳಬೇಕಾದ್ದರಿಂದ 40 ಜನರಿಗೆ ಮಾತ್ರ. ಹೆಸರು ಕೊಡಲು ಐದು ಪ್ರಶ್ನೆ, ಒಂದೇ ನಿಮಿಷ: [ಫಾರ್ಮ್ ಲಿಂಕ್]
ಏನಾದರೂ ಕೇಳುವುದಿದ್ದರೆ: [ವಾಟ್ಸಾಪ್ ನಂಬರು]

ಇದರಲ್ಲಿ ಭಾಷೆಯ ಬಗ್ಗೆ ಇರುವ ಸಾಲನ್ನು ಮೊದಲು ಬಿಟ್ಟಿದ್ದೆ. "ಇಂಗ್ಲಿಷಲ್ಲೇ ಮಾತಾಡ್ಬೇಕಾ?" ಎಂದು ಮೊದಲ ದಿನವೇ ನಾಲ್ಕು ಜನ ಮೆಸೇಜ್ ಮಾಡಿ ಕೇಳಿದ ಮೇಲೆ ಸೇರಿಸಿದೆ. ಒಂದೇ ಪ್ರಶ್ನೆಯನ್ನು ಎರಡನೆಯವರು ಕೇಳಿದರೆ ಅದರ ಉತ್ತರ ಆಮಂತ್ರಣದೊಳಗೆ ಇರಬೇಕಿತ್ತು ಎಂದು ತಿಳಿಯಿರಿ.

ಬಣ್ಣದ ಪೋಸ್ಟರ್ ಕೂಡ ಮಾಡಿದ್ದೆವು, ನನ್ನ ಕಸುಬೇ ಅದು. ಆದರೆ ಚಿತ್ರದೊಳಗೆ ಇರುವ ಲಿಂಕನ್ನು ಒತ್ತಿದರೆ ಅದು ತೆರೆಯುವುದಿಲ್ಲ. ಚಿತ್ರವನ್ನಷ್ಟೇ ಫಾರ್ವರ್ಡ್ ಮಾಡಿದರೆ ಲಿಂಕ್ ಹಿಂದೆಯೇ ಉಳಿಯುತ್ತದೆ. ಆದ್ದರಿಂದ ಪೋಸ್ಟರನ್ನು ಸ್ಟೇಟಸ್‌ಗೆ ಮಾತ್ರ ಇಟ್ಟು, ಗ್ರೂಪುಗಳಿಗೆ ಬರಹವನ್ನೇ ಕಳಿಸಿದೆವು.

ಯಾರ ಕೈಯಿಂದ ಕಳಿಸಬೇಕು

14 ಗ್ರೂಪುಗಳಿಗೆ ನಾನೇ ಹಾಕಿದ್ದು ಮೊದಲ ಸಲದ ತಪ್ಪು. ಅದರಲ್ಲಿ ಅಡಿಕೆ ದರದ ಗ್ರೂಪೂ ಇತ್ತು, ಊರ ದೇವಸ್ಥಾನದ ಗ್ರೂಪೂ ಇತ್ತು. ಎರಡನೆಯ ಸಲ ಐವರ ಕೈಯಿಂದ ಹೋಯಿತು: ಮೊದಲು ಮಾತಾಡಿಸಿದ್ದ ವಿದ್ಯಾರ್ಥಿಗಳಲ್ಲಿ ಮೂವರು, ಒಂದು ಕಾಲೇಜಿನ ಪ್ಲೇಸ್‌ಮೆಂಟ್ ನೋಡಿಕೊಳ್ಳುವ ಉಪನ್ಯಾಸಕರು, ಹೋದ ವರ್ಷ ಪದವಿ ಮುಗಿಸಿ ಹುಬ್ಬಳ್ಳಿಯಲ್ಲಿ ಕೆಲಸಕ್ಕೆ ಸೇರಿದ ಒಬ್ಬ ಹುಡುಗಿ. ಫಾರ್ವರ್ಡ್ ಮಾಡದೆ ನಕಲು ಮಾಡಿ ಅಂಟಿಸಲು, ಮೇಲೆ ತಮ್ಮದೊಂದು ಸಾಲು ಬರೆಯಲು ಕೇಳಿಕೊಂಡೆವು. ಹುಬ್ಬಳ್ಳಿಯ ಹುಡುಗಿ ಬರೆದ ಸಾಲು, "ನಂಗೆ ಮೊದಲ ಫೋನ್ ಬಂದಾಗ ಇಂಥದ್ದು ಇದ್ದಿದ್ರೆ ಎರಡು ಕಂಪನಿ ತಪ್ಪಿ ಹೋಗ್ತಿರಲಿಲ್ಲ." 43ರಲ್ಲಿ 19 ಹೆಸರು ಅವಳ ಕಾಲೇಜಿನ ಗ್ರೂಪಿನಿಂದಲೇ ಬಂದವು. ಆಮಂತ್ರಣ ಎಲ್ಲಿ ಸಿಕ್ಕಿತು ಎಂಬ ಪ್ರಶ್ನೆ ಫಾರ್ಮ್‌ನಲ್ಲಿ ಇದ್ದದ್ದರಿಂದ ಇದು ತಿಳಿಯಿತು.

ಕಳಿಸಿದ್ದು ಸೋಮವಾರ ರಾತ್ರಿ, ಕಾರ್ಯಾಗಾರಕ್ಕೆ ಐದು ದಿನ ಮೊದಲು. ಎರಡು ವಾರ ಮೊದಲೇ ಕಳಿಸಿದರೆ ಹೆಸರು ಕೊಟ್ಟದ್ದೇ ಮರೆತುಹೋಗುತ್ತದೆ. ಗುರುವಾರ ಸಂಜೆಗೆ 43 ಆದಾಗ ಫಾರ್ಮ್‌ನಲ್ಲಿ "Accepting responses" ಎಂಬುದನ್ನು ಬಂದ್ ಮಾಡಿದೆವು. ನಲವತ್ತು ಎಂದು ಬರೆದ ಮೇಲೆ, ಮೂರು ಹೆಚ್ಚಾಗಿದ್ದರೂ, ಅಲ್ಲಿಗೆ ನಿಲ್ಲಿಸಬೇಕು.

ಹೆಸರು ಕೊಟ್ಟವರು ಬರುವಂತೆ

ಎಲ್ಲರನ್ನೂ ಒಂದು ವಾಟ್ಸಾಪ್ ಗ್ರೂಪಿಗೆ ಸೇರಿಸುವುದು ಸುಲಭದ ದಾರಿ. ಆದರೆ ಗ್ರೂಪಿನಲ್ಲಿ ಒಬ್ಬರ ನಂಬರು ಎಲ್ಲರಿಗೂ ಕಾಣುತ್ತದೆ, ಹೆಣ್ಣುಮಕ್ಕಳ ಮನೆಯವರು ಇದನ್ನು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ, ಹೊಸಬರಿಗೆ ತಲುಪುವುದಿಲ್ಲ. 43 ಜನರಿಗೆ ನಾನು ಒಬ್ಬೊಬ್ಬರಿಗೇ ಕಳಿಸಿದೆ, ಮುಕ್ಕಾಲು ತಾಸು ಹಿಡಿಯಿತು. ಹೆಸರು ಹಿಡಿದು ಬರೆದದ್ದರಿಂದ ಬಹಳ ಜನ "ಸರಿ ಸರ್, ಬರ್ತೇನೆ" ಎಂದು ಉತ್ತರಿಸಿದರು. ಉತ್ತರ ಕೊಟ್ಟವರಲ್ಲಿ ಹೆಚ್ಚಿನವರು ಬಂದರು.

ಶನಿವಾರ ಮಧ್ಯಾಹ್ನ ಲಿಂಕ್, ರಾತ್ರಿ 7.15ಕ್ಕೆ ಒಂದು ಸಾಲು: "ಬಾಗಿಲು ತೆರೆದಿದೆ, ಒಳಗೆ ಬಂದು ಕುಳಿತಿರಿ." ಇಷ್ಟೇ ಎರಡು ನೆನಪು. ಅದಕ್ಕಿಂತ ಹೆಚ್ಚಾದರೆ ಬ್ಲಾಕ್ ಮಾಡುತ್ತಾರೆ.

ಎಲ್ಲಿ ತಪ್ಪಿತು ಎಂಬುದನ್ನು ಸಂಖ್ಯೆಗಳೇ ಹೇಳುತ್ತವೆ. ಆಮಂತ್ರಣ ಓದಿದವರು ಬಹಳ, ಹೆಸರು ಕೊಟ್ಟವರು ಕಡಿಮೆ ಎಂದಾದರೆ ಮೇಲಿನ ಸಾಲುಗಳಲ್ಲೋ ಫಾರ್ಮ್‌ನಲ್ಲೋ ದೋಷ. ಹೆಸರು ಕೊಟ್ಟವರಲ್ಲಿ ಅರ್ಧಕ್ಕಿಂತ ಕಡಿಮೆ ಜನ ಬಂದರೆ ಹೊತ್ತು ಅಥವಾ ನೆನಪಿನ ಸಂದೇಶ ನೋಡಿ. ಬಂದವರು ಮೊದಲ ಹದಿನೈದು ನಿಮಿಷದಲ್ಲೇ ಹೊರಗೆ ಹೋದರೆ ಆಮಂತ್ರಣದಲ್ಲಿ ಹೇಳಿದ್ದು ಒಂದು, ಒಳಗೆ ನಡೆದದ್ದು ಇನ್ನೊಂದು. ಮೊದಲ ಸಲ ನಮ್ಮಲ್ಲಿ ಮೂರೂ ಆಗಿತ್ತು. ಎರಡನೆಯ ಸಲ 43ರಲ್ಲಿ ಬಾರದವರು 17 ಜನ. ಅವರಲ್ಲಿ ಆರು ಮಂದಿ ಮರುದಿನ ಬರೆದ ಕಾರಣ ಒಂದೇ: ಆ ರಾತ್ರಿ ಮನೆಯಲ್ಲಿ ನೆಟ್‌ವರ್ಕ್ ಇರಲಿಲ್ಲ. ಅವರಿಗೆ ಅಕ್ಕ ಆರು ಪ್ರಶ್ನೆಗಳ ಒಂದು ಪುಟವನ್ನು ಭಾನುವಾರ ಕಳಿಸಿದಳು, ಜೊತೆಗೆ ಹತ್ತು ನಿಮಿಷದ ಧ್ವನಿಮುದ್ರಣ. ವೀಡಿಯೊ ಕಳಿಸಿದರೆ ಅವರ ನೆಟ್‌ವರ್ಕಿನಲ್ಲಿ ಇಳಿಯುತ್ತಲೇ ಇರಲಿಲ್ಲ.

ಫಾರ್ಮ್‌ನಲ್ಲಿ ನಂಬರುಗಳನ್ನು ಒಂದು ತಿಂಗಳು ಇಟ್ಟುಕೊಳ್ಳುತ್ತೇವೆ ಎಂದು ಬರೆದಿದ್ದೆವು. ಫೆಬ್ರವರಿ 17ರಂದು ಆ ಹಾಳೆಯನ್ನೂ ಫಾರ್ಮ್‌ನ ಉತ್ತರಗಳನ್ನೂ ಅಳಿಸಿದೆ. ಮುಂದಿನ ಕಾರ್ಯಾಗಾರದ ಸುದ್ದಿ ಬೇಕು ಎಂದು ತಾವಾಗಿ ಮೆಸೇಜ್ ಮಾಡಿದ ಒಂಬತ್ತು ಜನರ ನಂಬರನ್ನು ಮಾತ್ರ ಬೇರೆ ಇಟ್ಟಿದ್ದೇನೆ.